ವರದಕ್ಷಿಣೆಯೋ, ಗಂಡುಮಗುವಿನ ಹಂಬಲವೋ? ಉತ್ತರ ಇರುವುದು ಎರಡನೇ ಹೆರಿಗೆಯಲ್ಲಿ

ಪ್ರಶ್ನೆ: ಲಿಂಗಾನುಪಾತ ಕುಸಿದಿರೋದಕ್ಕೆ ಪಿತೃಪ್ರಧಾನ ವ್ಯವಸ್ಥೆ, ಗಂಡುಮಗುವಿನ ಹಂಬಲ, ವರದಕ್ಷಿಣೆ ಅಂತ ಮೂರು ಕಾರಣ ನೋಟ್ಸಿನಲ್ಲಿ ಬರೆಸಿದ್ದಾರೆ. ವರದಕ್ಷಿಣೆಯೇ ಕಾರಣ ಆದರೆ ಅದನ್ನ ಕೊಡೋಕಾಗದ ಬಡವರ ಮನೆಯಲ್ಲಿ ತಾನೇ ಹೆಣ್ಣುಮಕ್ಕಳು ಕಡಿಮೆ ಇರಬೇಕು? ಉಳ್ಳವರು, ಓದಿದವರು ಇರೋ ಪಂಜಾಬ್, ಹರಿಯಾಣದಲ್ಲಿ ಯಾಕೆ ಕಡಿಮೆ? ಮೂರರಲ್ಲಿ ನಿಜವಾದ ಕಾರಣ ಯಾವುದು?

ಉತ್ತರ:

ಮೂರನ್ನೂ ಒಂದರ ಕೆಳಗೊಂದು ಬರೆಸಿದ್ದರಿಂದಲೇ ನಿಮಗೆ ಈ ಗೊಂದಲ ಬಂದಿರುವುದು. ಅವು ಒಂದೇ ಮಟ್ಟದಲ್ಲಿ ಕೆಲಸ ಮಾಡುವ ಕಾರಣಗಳಲ್ಲ. ಜಮೀನು ಯಾರ ಹೆಸರಿಗೆ ಹೋಗುತ್ತದೆ, ಮದುವೆಯಾದ ಮೇಲೆ ಯಾರು ಯಾರ ಮನೆಗೆ ಹೋಗುತ್ತಾರೆ, ಮುಪ್ಪಿನಲ್ಲಿ ಯಾರ ಮನೆಯಲ್ಲಿ ಊಟ, ಸತ್ತಾಗ ಕೊಳ್ಳಿ ಇಡುವವರು ಯಾರು ಎಂಬ ಕಟ್ಟಳೆಗಳೆಲ್ಲ ಸೇರಿ ಪಿತೃಪ್ರಧಾನ ವ್ಯವಸ್ಥೆ ಆಗುತ್ತದೆ. ಆ ಕಟ್ಟಳೆಯೊಳಗೆ ಸಂಸಾರ ಮಾಡುವವರಿಗೆ ‘ಒಬ್ಬನಾದರೂ ಗಂಡುಮಗ ಇರಲಿ’ ಅನ್ನಿಸುತ್ತದೆ, ಅದು ಗಂಡುಮಗುವಿನ ಹಂಬಲ. ವರದಕ್ಷಿಣೆ ಈ ಹಂಬಲವನ್ನು ಹುಟ್ಟುಹಾಕುವುದಿಲ್ಲ, ಹೆಣ್ಣುಮಗುವಿನ ಖರ್ಚನ್ನು ಏರಿಸಿ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಈ ಮೂರೂ ಇದ್ದ ಮಾತ್ರಕ್ಕೆ ಹುಟ್ಟಿನ ಲಿಂಗಾನುಪಾತ ಕದಲುವುದಿಲ್ಲ. ಅದಕ್ಕೆ ನಿಮ್ಮ ನೋಟ್ಸಿನಲ್ಲಿ ಇಲ್ಲದ ಇನ್ನೆರಡು ಸೇರಬೇಕು: ಇಬ್ಬರೇ ಮಕ್ಕಳು ಸಾಕು ಎನ್ನುವ ತೀರ್ಮಾನ, ಮತ್ತು ಭ್ರೂಣದ ಲಿಂಗ ತಿಳಿಯುವ ಯಂತ್ರ. ಜನಸಂಖ್ಯಾ ತಜ್ಞ ಕ್ರಿಸ್ತೋಫ್ ಗಿಲ್ಮೊಟೊ ಮಂಡಿಸಿದ ವಿವರಣೆಯೂ ಸ್ಥೂಲವಾಗಿ ಇದೇ. ಹಂಬಲ, ಚಿಕ್ಕ ಕುಟುಂಬದ ಒತ್ತಡ, ತಂತ್ರಜ್ಞಾನ ಈ ಮೂರೂ ಒಟ್ಟಿಗೆ ಬಂದ ಕಡೆ ಮಾತ್ರ ಅನುಪಾತ ಕೆಡುತ್ತದೆ.

ಮೊದಲು, ನಾವು ಯಾವ ಅಂಕಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಲಿ. ಪರೀಕ್ಷೆಯ ಉತ್ತರಗಳು ಅರ್ಧ ಕೆಡುವುದು ಇಲ್ಲೇ. ಲಿಂಗಾನುಪಾತ ಎನ್ನುವ ಹೆಸರಿನಲ್ಲಿ ಮೂರು ಬೇರೆ ಬೇರೆ ಅಂಕಿಗಳು ಓಡಾಡುತ್ತವೆ. ಎಲ್ಲ ವಯಸ್ಸಿನವರನ್ನೂ ಸೇರಿಸಿ 1000 ಗಂಡಸರಿಗೆ ಎಷ್ಟು ಹೆಂಗಸರು ಎನ್ನುವುದು ಒಂದು. 0ರಿಂದ 6 ವರ್ಷದ ಮಕ್ಕಳಲ್ಲಿ ಎಷ್ಟು ಎನ್ನುವುದು ಎರಡನೆಯದು. ಹುಟ್ಟಿದ ಶಿಶುಗಳಲ್ಲಿ ಎಷ್ಟು ಎನ್ನುವುದು ಮೂರನೆಯದು. 2001ರಿಂದ 2011ಕ್ಕೆ ಮೊದಲನೆಯದು 933ರಿಂದ 943ಕ್ಕೆ ಏರಿತು, ಅದೇ ಹತ್ತು ವರ್ಷದಲ್ಲಿ ಮಕ್ಕಳ ಅನುಪಾತ 927ರಿಂದ ಸುಮಾರು 918ಕ್ಕೆ ಇಳಿಯಿತು. ಹೆಂಗಸರ ಆಯಸ್ಸು ಹೆಚ್ಚಿದರೆ ಮೊದಲನೆಯದು ಏರುತ್ತದೆ, ಅದಕ್ಕೂ ಭ್ರೂಣಹತ್ಯೆ ನಿಂತಿತೋ ಇಲ್ಲವೋ ಎಂಬುದಕ್ಕೂ ಸಂಬಂಧವಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) 1000 ಗಂಡಸರಿಗೆ 1020 ಹೆಂಗಸರು ಎಂದು ಬಂದಾಗ ಪತ್ರಿಕೆಗಳು ಸಂಭ್ರಮಿಸಿದವು. ಅದೇ ಸಮೀಕ್ಷೆಯಲ್ಲಿ ಹಿಂದಿನ ಐದು ವರ್ಷಗಳ ಹುಟ್ಟಿನ ಅನುಪಾತ 929 ಇತ್ತು. 1020 ಎನ್ನುವುದು ಸಮೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ಮಲಗಿದ್ದವರನ್ನು ಎಣಿಸಿದ ಅಂಕಿ. ಕೆಲಸಕ್ಕೆಂದು ಊರು ಬಿಟ್ಟ ಗಂಡಸರು, ಕ್ಯಾಂಪು, ಹಾಸ್ಟೆಲುಗಳಲ್ಲಿ ಇರುವವರು ಅದರಲ್ಲಿ ಸಿಗುವುದಿಲ್ಲ.

ಪ್ರಕೃತಿಯಲ್ಲಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ನಮ್ಮ ರೂಢಿಯ ಲೆಕ್ಕಕ್ಕೆ ತಂದರೆ 1000ಕ್ಕೆ 952. ಹೋಲಿಸಬೇಕಾದದ್ದು ಈ 952ರ ಜೊತೆಗೆ, 1000ದ ಜೊತೆಗಲ್ಲ. ಆಯ್ದ ಪ್ರದೇಶಗಳಲ್ಲಿ ಹುಟ್ಟು ಸಾವುಗಳನ್ನು ಬಿಡದೆ ದಾಖಲಿಸುವ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಭಾರತದ ಹುಟ್ಟಿನ ಅನುಪಾತ 2015–17ರಲ್ಲಿ 896ಕ್ಕೆ ಇಳಿದಿತ್ತು, 2018–20ರ ಹೊತ್ತಿಗೆ 907ಕ್ಕೆ ಏರಿತು.

ಇನ್ನು ಲೆಕ್ಕಕ್ಕೆ ಬರೋಣ. 1000 ದಂಪತಿಗಳನ್ನು ತೆಗೆದುಕೊಳ್ಳಿ, ಎಲ್ಲರೂ ಎರಡೇ ಮಕ್ಕಳಿಗೆ ನಿಲ್ಲಿಸುವವರು ಎಂದಿಟ್ಟುಕೊಳ್ಳಿ. ಯಾರೂ ಏನೂ ಮಾಡದಿದ್ದರೆ ಮೊದಲ ಹೆರಿಗೆಯಲ್ಲಿ 512 ಗಂಡು, 488 ಹೆಣ್ಣು. ಮೊದಲನೆಯದು ಗಂಡಾದ 512 ಮನೆಗಳಲ್ಲಿ ಎರಡನೆಯ ಸಲ 262 ಗಂಡು, 250 ಹೆಣ್ಣು. ಮೊದಲನೆಯದು ಹೆಣ್ಣಾದ 488 ಮನೆಗಳಲ್ಲಿ 250 ಗಂಡು, 238 ಹೆಣ್ಣು. ಒಟ್ಟು 1024 ಗಂಡು, 976 ಹೆಣ್ಣು. ಅನುಪಾತ 953, ಅಂದರೆ ಸಹಜ.

ಈಗ ಆ 488 ಮನೆಗಳನ್ನು ಮಾತ್ರ ನೋಡಿ. ಅವರಲ್ಲಿ ಕಾಲುಭಾಗ, ಅಂದರೆ 122 ದಂಪತಿ, ಎರಡನೆಯದು ಗಂಡೇ ಆಗಬೇಕೆಂದು ಸ್ಕ್ಯಾನಿಂಗ್‌ಗೆ ಹೋಗುತ್ತಾರೆ ಎನ್ನಿ. ಅವರಲ್ಲಿ 62 ಮಂದಿಗೆ ಗಂಡೆಂದೇ ತಿಳಿಯುತ್ತದೆ, ಅವರು ಸುಮ್ಮನೆ ಮನೆಗೆ ಹೋಗುತ್ತಾರೆ. ಉಳಿದ 60 ಮಂದಿ ಗರ್ಭ ತೆಗೆಸುತ್ತಾರೆ. ಮುಂದಿನ ಸಲವೂ ಹೆಣ್ಣಾದರೆ ಮತ್ತೆ ತೆಗೆಸುತ್ತಾರೆ. ಹೀಗೆ 60 ಮನೆಗೂ ಗಂಡುಮಗು ಬರುವ ಹೊತ್ತಿಗೆ ಸುಮಾರು 117 ಗರ್ಭಪಾತ ನಡೆದಿರುತ್ತದೆ. ಕೊನೆಯ ಲೆಕ್ಕ 1084 ಗಂಡು, 916 ಹೆಣ್ಣು, ಅನುಪಾತ 845.

2011ರ ಜನಗಣತಿಯಲ್ಲಿ ಪಂಜಾಬಿನ ಮಕ್ಕಳ ಅನುಪಾತ 846. ಎರಡೂ ಒಂದೇ ಬಗೆಯ ಅಂಕಿಯಲ್ಲ, ಮಕ್ಕಳ ಅನುಪಾತದಲ್ಲಿ ಹುಟ್ಟಿದ ಮೇಲಿನ ಸಾವುಗಳೂ ಸೇರಿರುತ್ತವೆ. ನಿಜವಾದ ಸಮಾಜದಲ್ಲಿ ಎಲ್ಲರೂ ಎರಡಕ್ಕೇ ನಿಲ್ಲಿಸುವುದೂ ಇಲ್ಲ. ಆದರೂ ಗಾತ್ರದ ಅಂದಾಜು ಸಿಗುತ್ತದೆ. ಪಂಜಾಬಿನಷ್ಟು ಕೆಡಲು 100ರಲ್ಲಿ 12 ದಂಪತಿ ಮನಸ್ಸು ಮಾಡಿದರೆ, 6 ದಂಪತಿ ಗರ್ಭ ತೆಗೆಸಿದರೆ ಸಾಕು. ಅದರ ಅರ್ಧ, 100ಕ್ಕೆ 3 ದಂಪತಿ ತೆಗೆಸಿದರೆ 1054 ಗಂಡಿಗೆ 946 ಹೆಣ್ಣಾಗಿ ಅನುಪಾತ 898ಕ್ಕೆ ಬರುತ್ತದೆ. ಇಡೀ ದೇಶದ ಅಂಕಿ ಇದ್ದದ್ದು ಆ ಮಟ್ಟದಲ್ಲೇ. ‘ನಮ್ಮ ಪೈಕಿ ಯಾರೂ ಹಾಗೆ ಮಾಡಲ್ಲ, ನಮ್ಮೂರಲ್ಲಿ ನಾನಂತೂ ಕಂಡಿಲ್ಲ’ ಎಂದು ಹೇಳುವವರು ಸುಳ್ಳು ಹೇಳುತ್ತಿರಬೇಕಿಲ್ಲ. 100 ಮನೆಯಲ್ಲಿ 3 ಮನೆಯವರು ಬಾಯಿ ಬಿಡದೆ ಮಾಡಿದ ಕೆಲಸ ನೆರೆಮನೆಗೆ ಕಾಣುವುದಿಲ್ಲ, ಜನಗಣತಿಗೆ ಕಾಣುತ್ತದೆ.

ಈ ಲೆಕ್ಕ ಬರೀ ಕಾಗದದ ಮೇಲಿನದಲ್ಲ. ಪ್ರಭಾತ್ ಝಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲನೆಯದು ಹೆಣ್ಣಾಗಿದ್ದ ಮನೆಗಳ ಎರಡನೇ ಹೆರಿಗೆಗಳನ್ನು ಬೇರೆಯಾಗಿ ತೆಗೆದು ನೋಡಿದರು. ಅಲ್ಲಿನ ಅನುಪಾತ 1990ರಲ್ಲಿ 906 ಇದ್ದದ್ದು 2005ಕ್ಕೆ 836ಕ್ಕೆ ಇಳಿದಿತ್ತು. ಮೊದಲನೆಯದು ಗಂಡಾಗಿದ್ದ ಮನೆಗಳಲ್ಲಿ ಅಂಥ ಕುಸಿತ ಕಾಣಲಿಲ್ಲ. ಸಂಗತಿಯ ತಿರುಳೇ ಇದು. ಜನ ಹೆಣ್ಣುಮಗುವನ್ನೇ ಬೇಡವೆನ್ನುತ್ತಿದ್ದರೆ ಮೊದಲ ಹೆರಿಗೆಯಲ್ಲೇ ಹೆಣ್ಣು ಕಡಿಮೆಯಾಗಬೇಕಿತ್ತು, ಗಂಡು ಹುಟ್ಟಿದ ಮೇಲೂ ಕಡಿಮೆಯಾಗಬೇಕಿತ್ತು. ಹಾಗಾಗುವುದಿಲ್ಲ. ಒಬ್ಬ ಮಗ ಇದ್ದಾನೆಂದರೆ ಮುಂದಿನದು ಏನಾದರೂ ಸರಿ, ಒಂದು ಹೆಣ್ಣೂ ಇರಲಿ ಅನ್ನುತ್ತಾರೆ.

ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರವೂ ಇದರೊಳಗೇ ಇದೆ. ಇಬ್ಬರು ಮಕ್ಕಳಿಗೆ ನಿಲ್ಲಿಸಿದರೆ ಮಗ ಇಲ್ಲದೆ ಉಳಿಯುವವರು 100ಕ್ಕೆ 24 ದಂಪತಿ. ಮೂವರಾದರೆ 12, ನಾಲ್ವರಾದರೆ 6, ಆರು ಮಕ್ಕಳಾದರೆ ಒಬ್ಬರೋ ಇಬ್ಬರೋ. ನಾಲ್ಕೈದು ಹೆರುವ ಬಡ ಮನೆಗೆ ಹಂಬಲ ಎಷ್ಟೇ ಬಲವಾಗಿದ್ದರೂ ಯಂತ್ರದ ಹಂಗಿಲ್ಲದೆ ಮಗ ಸಿಗುತ್ತಾನೆ. ಓದಿದ, ಉಳ್ಳ ದಂಪತಿಗೆ ಹಂಬಲ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು, ಆದರೆ ಎರಡೇ ಅವಕಾಶ. ಸ್ಕ್ಯಾನಿಂಗ್‌ಗೆ ದುಡ್ಡೂ ಇದೆ, ಕೇಳಿದರೆ ಹೇಳುವ ವೈದ್ಯರ ಪರಿಚಯವೂ ಇದೆ. ಝಾ ಅವರ ಅಧ್ಯಯನದಲ್ಲೂ ಕುಸಿತ ಹೆಚ್ಚಾಗಿ ಕಂಡದ್ದು ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದ ತಾಯಂದಿರಲ್ಲಿ ಮತ್ತು ಅನುಕೂಲಸ್ಥ ಮನೆಗಳಲ್ಲಿ. ಪಂಜಾಬಿನಲ್ಲಿ ಮಕ್ಕಳ ಅನುಪಾತ 1981ರಲ್ಲಿ 908, 1991ರಲ್ಲಿ 875, 2001ರಲ್ಲಿ 798. ಈ ಇಪ್ಪತ್ತು ವರ್ಷದಲ್ಲಿ ಅಲ್ಲಿ ಪಿತೃಪ್ರಧಾನತೆ ಏಕಾಏಕಿ ಹೆಚ್ಚಲಿಲ್ಲ. ಕುಟುಂಬ ಚಿಕ್ಕದಾಯಿತು, ಅಲ್ಟ್ರಾಸೌಂಡ್ ಊರೂರಿಗೆ ಬಂತು.

ಇಲ್ಲಿ ಬಹಳ ಮಂದಿ ಎಡವುವ ಒಂದು ತಪ್ಪು ಇದೆ. ‘ಗಂಡಾಗುವ ತನಕ ಹೆರುತ್ತಾ ಹೋಗುತ್ತಾರೆ, ಅದಕ್ಕೇ ಅನುಪಾತ ಕೆಡುತ್ತದೆ’ ಎಂದು ಬರೆಯುತ್ತಾರೆ. ಕೆಡುವುದಿಲ್ಲ. ಹಿಂದೆ ಎಷ್ಟು ಹೆಣ್ಣಾಗಿದ್ದರೂ ಮುಂದಿನ ಹೆರಿಗೆಯಲ್ಲಿ ಮತ್ತೆ ಅದೇ 512ಕ್ಕೆ 488. ಎಲ್ಲರೂ ಗಂಡಾದ ಮೇಲೆಯೇ ನಿಲ್ಲಿಸಿದರೂ ಒಟ್ಟು ಹುಟ್ಟಿನಲ್ಲಿ ಅನುಪಾತ ಕದಲುವುದಿಲ್ಲ. ಬದಲಾಗುವುದು ಬೇರೆಯದು. ಹೆಣ್ಣುಮಕ್ಕಳು ಹೆಚ್ಚು ಮಂದಿ ಇರುವ ಮನೆಗಳಲ್ಲಿ ಬೆಳೆಯುತ್ತಾರೆ, ಪ್ರತಿಯೊಬ್ಬಳ ಪಾಲಿಗೆ ಬರುವ ಹಾಲು, ಮದ್ದು, ಶಾಲೆಯ ಫೀಸು ಕಡಿಮೆಯಾಗುತ್ತದೆ. 2017–18ರ ಕೇಂದ್ರ ಆರ್ಥಿಕ ಸಮೀಕ್ಷೆ ಈ ಪರಿಯನ್ನು ಅಳೆದು, ಗಂಡಿಗಾಗಿ ಕಾಯುತ್ತಾ ಹುಟ್ಟಿದ ‘ಬೇಡದ’ ಹೆಣ್ಣುಮಕ್ಕಳ ಸಂಖ್ಯೆ 2.1 ಕೋಟಿ ಎಂದು ಅಂದಾಜು ಮಾಡಿತು. ಅನುಪಾತ ಕೆಡುವುದು ಇಂಥ ಮಕ್ಕಳು ಆರೈಕೆಯಿಲ್ಲದೆ ಸತ್ತಾಗ. 1987ರಲ್ಲಿ ಮೋನಿಕಾ ದಾಸ್ ಗುಪ್ತಾ ಪಂಜಾಬಿನ ಹಳ್ಳಿಗಳ ದಾಖಲೆಯಿಂದ ತೋರಿಸಿದ್ದು ಇದನ್ನೇ. ಸಾವಿನ ಅಪಾಯ ಎಲ್ಲ ಹೆಣ್ಣುಮಕ್ಕಳಿಗೂ ಸಮನಾಗಿರಲಿಲ್ಲ, ಈಗಾಗಲೇ ಅಕ್ಕ ಇರುವ ಮನೆಯಲ್ಲಿ ಹುಟ್ಟಿದವಳಿಗೆ ಹೆಚ್ಚಿತ್ತು. ಐದು ವರ್ಷದೊಳಗೆ ಹೀಗೆ ಹೆಚ್ಚುವರಿಯಾಗಿ ಸಾಯುವ ಹೆಣ್ಣುಮಕ್ಕಳು ವರ್ಷಕ್ಕೆ ಸುಮಾರು 2.4 ಲಕ್ಷ ಎಂದು 2018ರ ಒಂದು ಅಂದಾಜು ಹೇಳಿತು, ಅದರ ಬಹುಪಾಲು ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶಗಳದ್ದು. ಆದ್ದರಿಂದ ಬಡವರ ಮನೆಯಲ್ಲಿ ತೊಂದರೆಯೇ ಇಲ್ಲ ಎಂದುಕೊಳ್ಳಬೇಡಿ. ಅಲ್ಲಿ ಹುಟ್ಟಿದ ಮೇಲೆ ಆಗುವುದು ಉಳ್ಳವರ ಮನೆಯಲ್ಲಿ ಹುಟ್ಟುವ ಮೊದಲೇ ಆಗುತ್ತದೆ.

ಇನ್ನು ವರದಕ್ಷಿಣೆ. ಒಂದು ಕಾರಣ ನಿಜವೋ ಅಲ್ಲವೋ ಎಂದು ನೋಡಲು ಎರಡು ಪ್ರಶ್ನೆ ಕೇಳಬೇಕು. ಅದು ಇದ್ದ ಕಡೆಯೆಲ್ಲ ಪರಿಣಾಮ ಕಾಣುತ್ತದೆಯೆ? ಅದು ಇಲ್ಲದ ಕಡೆ ಪರಿಣಾಮವೂ ಇಲ್ಲವೆ? ವರದಕ್ಷಿಣೆ ಎರಡರಲ್ಲೂ ಸೋಲುತ್ತದೆ. ಕೇರಳದಲ್ಲಿ ಮದುವೆಗೆ ಕೊಡುವ ಚಿನ್ನದ ಭಾರ ಹೊಸದಾಗಿ ಹೇಳಬೇಕಿಲ್ಲ, ಆದರೂ ಅಲ್ಲಿ 2011ರ ಮಕ್ಕಳ ಅನುಪಾತ 964. ಅತ್ತ ದಕ್ಷಿಣ ಕೊರಿಯಾದಲ್ಲಿ ನಮ್ಮಂಥ ವರದಕ್ಷಿಣೆ ಇಲ್ಲ, ಮನೆ ಮಾಡಿಕೊಡುವ ಹೊಣೆ ಗಂಡಿನ ಕಡೆಯದು. ಆದರೂ 1990ರಲ್ಲಿ 100 ಹೆಣ್ಣಿಗೆ ಸುಮಾರು 116 ಗಂಡು ಹುಟ್ಟಿದರು. ಚೀನಾದಲ್ಲಿ ಗಂಡಿನವರೇ ಹೆಣ್ಣಿಗೆ ಹಣ ಕೊಡುತ್ತಾರೆ, ಅಲ್ಲಿ ಅನುಪಾತ ನಮ್ಮದಕ್ಕಿಂತ ಕೆಟ್ಟಿತ್ತು. ಈ ಎರಡು ದೇಶಗಳಿಗೂ ನಮಗೂ ಸಮನಾಗಿರುವುದು ಗಂಡಿನಿಂದ ಗಂಡಿಗೆ ಸಾಗುವ ವಂಶ, ಮಗನ ಜೊತೆ ಕಳೆಯುವ ಮುಪ್ಪು, ಮಗನ ಕೈಯ ಪಿತೃಕಾರ್ಯ. ಕೊರಿಯಾದಲ್ಲಿ ಕುಟುಂಬದ ಯಜಮಾನಿಕೆ ಗಂಡಿಗೇ ಎಂಬ ಕಾನೂನು 2005ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು, ಹುಟ್ಟಿನ ಅನುಪಾತ 2007ರ ಹೊತ್ತಿಗೆ ಸಹಜಕ್ಕೆ ಮರಳಿತು. ಆ ತೀರ್ಪೇ ಕಾರಣ ಎನ್ನಲಾಗದು, ಇಳಿತ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು. ನಗರ, ನೌಕರಿ, ಪಿಂಚಣಿ ಬಂದು ಮಗನ ಅಗತ್ಯವೇ ಕರಗಿತ್ತು.

ಕರ್ನಾಟಕದ ಹಿಂದಿನ ಕತೆಯೂ ಇಲ್ಲಿ ನೆನಪಿರಲಿ. ಹಳೇ ಮೈಸೂರು ಕಡೆಯ ಒಕ್ಕಲು ಸಮುದಾಯಗಳಲ್ಲಿ ಮೊದಲು ಇದ್ದದ್ದು ತೆರ, ಗಂಡಿನವರು ಹೆಣ್ಣಿನವರಿಗೆ ಕೊಡುತ್ತಿದ್ದ ಹಣ. ಸೂಟು, ವಾಚು, ಸ್ಕೂಟರಿನಿಂದ ಶುರುವಾಗಿ ಸೈಟಿನವರೆಗೆ ಬೆಳೆದ ವರೋಪಚಾರ ಇಪ್ಪತ್ತನೇ ಶತಮಾನದ್ದು, ಓದು ಮತ್ತು ಸರ್ಕಾರಿ ನೌಕರಿಯ ಬೆನ್ನು ಹತ್ತಿ ಬಂದದ್ದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಈ ಹೊಸ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎಂದು ನೋಡಬಾರದೆಂದು ವಾದಿಸಿದ್ದರು. ಗಂಡುಮಗನ ಹಂಬಲ ಇದಕ್ಕಿಂತ ಬಹಳ ಹಳೆಯದು. ತೆರ ಬರುತ್ತಿದ್ದ ಕಾಲದಲ್ಲೂ ‘ಮನೆಗೊಬ್ಬ ಮಗ ಬೇಕು’ ಎನ್ನುತ್ತಿದ್ದರು.

ಹಾಗೆಂದು ವರದಕ್ಷಿಣೆಗೆ ಪಾತ್ರವೇ ಇಲ್ಲ ಎಂದು ಬರೆದರೆ ಅದೂ ತಪ್ಪು. ಅದರ ಪರಿಣಾಮವನ್ನು ಬಿಡಿಸಿ ನೋಡಲು ಸೋನಿಯಾ ಭಲೋತ್ರಾ ಮತ್ತು ಸಂಗಡಿಗರು ಚಿನ್ನದ ಬೆಲೆಯನ್ನು ಬಳಸಿದರು. ಇದು ಜಾಣ ಉಪಾಯ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನ ಏರುವುದಕ್ಕೂ ನಮ್ಮ ಹಳ್ಳಿಯ ಪಿತೃಪ್ರಧಾನತೆಗೂ ಸಂಬಂಧವಿಲ್ಲ, ಆದರೆ ಏರಿದ ತಿಂಗಳು ಮುಂದಿನ ಮದುವೆಯ ಖರ್ಚಿನ ಅಂದಾಜು ಏರುತ್ತದೆ. ಅಲ್ಟ್ರಾಸೌಂಡ್ ಬರುವ ಮುಂಚಿನ ವರ್ಷಗಳಲ್ಲಿ, ಚಿನ್ನ ಏರಿದ ತಿಂಗಳುಗಳಲ್ಲಿ ಹುಟ್ಟಿದ ಹೆಣ್ಣುಶಿಶುಗಳು ಗಂಡುಶಿಶುಗಳಿಗಿಂತ ಹೆಚ್ಚು ಸತ್ತವು. ಅಲ್ಟ್ರಾಸೌಂಡ್ ಬಂದ ಮೇಲೆ ಆ ಸಾವಿನ ಬದಲು ಹುಟ್ಟುವ ಹೆಣ್ಣುಗಳೇ ಕಡಿಮೆಯಾದವು. ಅಂದರೆ ಹಂಬಲ ಈಗಾಗಲೇ ಇರುವ ಕಡೆ ಖರ್ಚಿನ ಭಯ ಕೈಯನ್ನು ಮುಂದೆ ಮಾಡಿಸುತ್ತದೆ. 1980ರ ದಶಕದಲ್ಲಿ ಉತ್ತರದ ಕ್ಲಿನಿಕ್ಕುಗಳ ಜಾಹೀರಾತುಗಳು ‘ಈಗ ಕೆಲವು ನೂರು ರೂಪಾಯಿ ಖರ್ಚು ಮಾಡಿ, ಮುಂದಿನ ವರದಕ್ಷಿಣೆ ಉಳಿಸಿ’ ಎನ್ನುವ ಅರ್ಥದಲ್ಲಿ ಗಿರಾಕಿ ಕರೆಯುತ್ತಿದ್ದದ್ದೂ ಇದೇ ಎಳೆ ಹಿಡಿದು. ಸಮೀಕ್ಷೆಯವರು ಕೇಳಿದಾಗಲೂ ಜನ ವರದಕ್ಷಿಣೆಯನ್ನೇ ಮೊದಲು ಹೇಳುತ್ತಾರೆ, ಯಾಕೆಂದರೆ ‘ನಮ್ಮ ಆಸ್ತಿ ಬೇರೆಯವರ ಮನೆಗೆ ಹೋಗಬಾರದು’ ಎನ್ನುವುದಕ್ಕಿಂತ ‘ಮದುವೆ ಖರ್ಚು ತೂಗಿಸಲಾಗದು’ ಎನ್ನುವುದು ಹೇಳಲು ಸಲೀಸು. ಬಾಯಿಮಾತಿನ ಉತ್ತರಗಳನ್ನೇ ಎಣಿಸಿದ ಪ್ರಬಂಧಗಳಲ್ಲಿ ವರದಕ್ಷಿಣೆ ಹೆಚ್ಚಾಗಿ ಮೇಲಿನ ಸ್ಥಾನದಲ್ಲಿರುವುದರ ಗುಟ್ಟು ಇದೇ ಎಂದು ನನ್ನ ಅಭಿಪ್ರಾಯ.

ಮತ್ತೊಂದು ಊಹೆಯನ್ನೂ ನೀವು ಕೇಳಿರುತ್ತೀರಿ: ಹೆಣ್ಣು ಕಡಿಮೆಯಾದರೆ ಹೆಣ್ಣಿಗೆ ಬೆಲೆ ಬಂದು ವರದಕ್ಷಿಣೆ ತಾನಾಗಿ ನಿಲ್ಲುತ್ತದೆ ಎನ್ನುವುದು. ಹರಿಯಾಣದಲ್ಲಿ ಹಾಗಾಗಲಿಲ್ಲ. ಜಮೀನು ಕಡಿಮೆ ಇರುವ ಗಂಡುಗಳು ದಲ್ಲಾಳಿಗೆ ಹಣ ಕೊಟ್ಟು ಅಸ್ಸಾಂ, ಬಂಗಾಳ, ಬಿಹಾರಗಳಿಂದ ಹೆಣ್ಣು ತರುತ್ತಾರೆ, ಅವರನ್ನು ಅಲ್ಲಿ ‘ಮೋಲ್ಕಿ’ ಅಂದರೆ ಕೊಂಡು ತಂದವಳು, ‘ಪಾರೋ’ ಅಂದರೆ ಆಚೆಯಿಂದ ಬಂದವಳು ಎಂದು ಹೀಗಳೆಯುವುದೂ ಉಂಟು. ಅದೇ ಊರಿನಲ್ಲಿ ನೌಕರಿ ಇರುವ ಗಂಡು ಸ್ವಜಾತಿಯಲ್ಲಿ ವರದಕ್ಷಿಣೆ ಪಡೆಯುತ್ತಲೇ ಇರುತ್ತಾನೆ. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದನ್ನು ಭ್ರೂಣಹತ್ಯೆಯ ಫಲ ಎಂದು ಮಾತ್ರ ಓದುವುದು ಅವಸರ. ಬೆಂಗಳೂರಿನ ಸಂಬಳದ ಗಂಡನ್ನು ಬಿಟ್ಟು ಹೊಲದ ಗಂಡಿಗೆ ಮಗಳನ್ನು ಕೊಡಲು ಅಪ್ಪಂದಿರು ಒಪ್ಪದಿರುವುದು ಅದರಲ್ಲಿ ದೊಡ್ಡ ಪಾಲು.

ಪಿತೃಪ್ರಧಾನತೆ ಎನ್ನುವ ಮಾತನ್ನೂ ಸಡಿಲವಾಗಿ ಬಳಸಬೇಡಿ. ಅದು ಭಾರತದುದ್ದಕ್ಕೂ ಇರುವುದಾದರೆ ಪಂಜಾಬಿನ 846ಕ್ಕೂ ಕರ್ನಾಟಕದ 948ಕ್ಕೂ ಇರುವ ಅಂತರವನ್ನು ಅದೊಂದೇ ವಿವರಿಸಲಾರದು. ವಿವರಿಸುವುದು ಅದರ ನಿರ್ದಿಷ್ಟ ರೂಪ. 1983ರಲ್ಲಿ ಟಿಮ್ ಡೈಸನ್ ಮತ್ತು ಮಿಕ್ ಮೂರ್ ಹೇಳಿದ್ದು ಮದುವೆಯ ಸಂಬಂಧಗಳ ಬಗ್ಗೆ. ಉತ್ತರ ಭಾರತದ ಬಹುಪಾಲು ಜಾತಿಗಳಲ್ಲಿ ಹೆಣ್ಣನ್ನು ಸ್ವಂತ ಊರಿಗೆ, ಸ್ವಂತ ಗೋತ್ರಕ್ಕೆ, ನೆಂಟರ ಮನೆಗೆ ಕೊಡುವಂತಿಲ್ಲ. ಗುರುತಿಲ್ಲದ ದೂರದ ಊರಿಗೆ ಕೊಡಬೇಕು, ಕೊಟ್ಟವರು ಪಡೆದವರಿಗಿಂತ ಕೆಳಗೆ. ಆ ಮಗಳ ಮನೆಯಲ್ಲಿ ಅಪ್ಪ ನೀರು ಕುಡಿಯಲೂ ಹಿಂಜರಿಯುವ ಪದ್ಧತಿ ಇದೆ. ದಕ್ಷಿಣದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ರೂಢಿ. ಮಗಳು ಪಕ್ಕದ ಊರಿನಲ್ಲೇ ಇರುತ್ತಾಳೆ, ಬಾಣಂತನಕ್ಕೆ ತವರಿಗೆ ಬರುತ್ತಾಳೆ, ಅಪ್ಪನಿಗೆ ಕಾಯಿಲೆಯಾದರೆ ಬಂದು ನೋಡಿಕೊಳ್ಳುತ್ತಾಳೆ, ಗಂಡುಮಕ್ಕಳಿಲ್ಲದ ಮನೆಗೆ ಮನೆಯಳಿಯನನ್ನು ತಂದುಕೊಳ್ಳುವ ದಾರಿಯೂ ಇದೆ. ಹೀಗಿರುವಾಗ ಮಗನಿಲ್ಲದಿರುವುದು ಬೇಸರದ ಸಂಗತಿ, ಆದರೆ ಮನೆ ಮುಳುಗಿದಂತಲ್ಲ. ಈಗ ದಕ್ಷಿಣದಲ್ಲೂ ಸೋದರಿಕೆಯ ಮದುವೆಗಳು ಕಡಿಮೆಯಾಗಿ ಸಂಬಂಧಗಳು ದೂರವಾಗುತ್ತಿವೆ, ಹಾಗಾಗಿ ಈ ರಕ್ಷಣೆ ಶಾಶ್ವತ ಎಂದು ನಂಬಿ ಕೂರುವಂತಿಲ್ಲ.

ಆಸ್ತಿಯ ಹಕ್ಕು ಕೊಟ್ಟರೆ ಹಂಬಲ ಕರಗುತ್ತದೆ ಎನ್ನುವುದು ಸಹಜವಾಗಿ ಹೊಳೆಯುವ ಪರಿಹಾರ. ಇಡೀ ದೇಶಕ್ಕೆ 2005ರಲ್ಲಿ ಬಂದ ತಿದ್ದುಪಡಿಗೆ ಮೊದಲೇ, 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳೂ ಆ ಸುಮಾರಿನಲ್ಲೇ ಕೊಟ್ಟವು. ಭಲೋತ್ರಾ, ರೇಚಲ್ ಬ್ರೂಲೆ, ಸಂಚಾರಿ ರಾಯ್ ಈ ಸುಧಾರಣೆಗಳ ಪರಿಣಾಮ ನೋಡಿದಾಗ ಕಂಡದ್ದು ತಿರುಗುಮುರುಗು. ಕಾನೂನು ಬಂದ ಮೇಲೆ, ಮೊದಲನೆಯದು ಹೆಣ್ಣಾದ ಮನೆಗಳಲ್ಲಿ ಮುಂದಿನ ಹೆಣ್ಣು ಹುಟ್ಟುವ ಸಾಧ್ಯತೆ ಇನ್ನೂ ಕಡಿಮೆಯಾಯಿತು. ಕಾರಣ ಊಹಿಸಬಹುದು. ಪಾಲು ಮಗಳದ್ದಾಯಿತು, ಆದರೆ ಮಗಳು ಇನ್ನೂ ಗಂಡನ ಮನೆಗೇ ಹೋಗುತ್ತಾಳೆ. ಕಾನೂನು ಕಟ್ಟಳೆಯ ಒಂದು ಕಾಲನ್ನು ಮಾತ್ರ ಬದಲಿಸಿತು. ಮೊದಲು ಕಳಿಸುವಾಗ ಚಿನ್ನ ಹೋಗುತ್ತಿತ್ತು, ಈಗ ಜಮೀನೂ ಹೋದೀತು ಎಂಬ ಭಯ ಸೇರಿತು. ಮದುವೆಯಾದ ಹೆಣ್ಣುಮಕ್ಕಳಿಂದ ಅಣ್ಣತಮ್ಮಂದಿರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು, ‘ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂದು ವರದಕ್ಷಿಣೆಯನ್ನೇ ಪಾಲಿನ ಬದಲಿಯಾಗಿ ತೋರಿಸುವುದು ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ದಿನನಿತ್ಯದ ಕೆಲಸ. ವರದಕ್ಷಿಣೆಯೂ ಆಸ್ತಿಯೂ ಒಂದಕ್ಕೊಂದು ಹೆಣೆದುಕೊಂಡಿರುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇದನ್ನು ನಿಮ್ಮ ತಾಲ್ಲೂಕಿನಲ್ಲಿ ಪರಿಶೀಲಿಸಬೇಕೆಂದರೆ ಎರಡು ಎಚ್ಚರ ಬೇಕು. ಮೊದಲನೆಯದು ಸಂಖ್ಯೆ. ಒಂದು ಊರಿನಲ್ಲಿ ವರ್ಷಕ್ಕೆ 50 ಹೆರಿಗೆ ಆದರೆ ಬರೀ ಆಕಸ್ಮಿಕವಾಗಿಯೇ 30 ಗಂಡು, 20 ಹೆಣ್ಣು ಬರಬಹುದು, ಆಗ ಅನುಪಾತ 667. ಮರುವರ್ಷ ಅದು ತಿರುಗಿ 1500 ಆದೀತು. ‘ಆ ಊರಿನಲ್ಲಿ 667ಕ್ಕೆ ಕುಸಿತ’ ಎಂದು ಸುದ್ದಿ ಮಾಡುವುದಕ್ಕೂ, ಮರುವರ್ಷ ಬಹುಮಾನ ಕೊಡುವುದಕ್ಕೂ ಅರ್ಥವಿಲ್ಲ. 952ಕ್ಕೂ 900ಕ್ಕೂ ಇರುವ ವ್ಯತ್ಯಾಸ ಆಕಸ್ಮಿಕವಲ್ಲ ಎನ್ನಲು ಹತ್ತಿರ ಹತ್ತಿರ 5000 ಹೆರಿಗೆಗಳ ಲೆಕ್ಕ ಬೇಕು. 846ರಷ್ಟು ಕೆಟ್ಟಿದ್ದರೆ ಸಾವಿರದ ಇನ್ನೂರು ಸಾಕು. ಆದ್ದರಿಂದ ಹಲವು ವರ್ಷಗಳ ಹುಟ್ಟುಗಳನ್ನು ಕೂಡಿಸಿ ತಾಲ್ಲೂಕು ಅಥವಾ ಜಿಲ್ಲೆಯ ಮಟ್ಟದಲ್ಲಿ ನೋಡಬೇಕು.

ಎರಡನೆಯದು, ಒಟ್ಟು ಅಂಕಿ ನೋಡಿ ನಿಲ್ಲಿಸಬೇಡಿ, ಹೆರಿಗೆಯ ಕ್ರಮದಲ್ಲಿ ಬಿಡಿಸಿ ನೋಡಿ. ಮೊದಲ ಹೆರಿಗೆಗಳಲ್ಲಿ ಅನುಪಾತ 950ರ ಹತ್ತಿರವಿದ್ದು, ಮೊದಲು ಹೆಣ್ಣಾದವರ ಎರಡನೇ ಹೆರಿಗೆಯಲ್ಲಿ ಅದು ಒಮ್ಮೆಲೇ ಕುಸಿದಿದ್ದರೆ ಅದು ಲಿಂಗಪತ್ತೆಯ ಗುರುತು. ಎಲ್ಲ ಕ್ರಮಗಳಲ್ಲೂ ಒಂದೇ ತೆರನಾಗಿ ಕಡಿಮೆಯಿದ್ದರೆ ಹೆಣ್ಣುಶಿಶುಗಳ ನೋಂದಣಿಯೇ ಸರಿಯಾಗಿ ಆಗಿಲ್ಲ ಎಂದು ಮೊದಲು ಅನುಮಾನಿಸಿ. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ (1994ರದ್ದು, 2003ರಲ್ಲಿ ಬಿಗಿಯಾದದ್ದು) ಗರ್ಭಿಣಿಗೆ ಮಾಡುವ ಪ್ರತಿ ಸ್ಕ್ಯಾನಿಂಗ್‌ಗೂ ‘ಎಫ್’ ನಮೂನೆ ತುಂಬಬೇಕು. ಈಗಿರುವ ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಅವರ ವಯಸ್ಸೇನು ಎಂಬ ಕಾಲಂ ಅದರಲ್ಲಿ ಇದೆ. ಭ್ರೂಣದ ಲಿಂಗ ಸ್ಕ್ಯಾನಿಂಗ್‌ನಲ್ಲಿ ನೆಚ್ಚುವಷ್ಟು ಸ್ಪಷ್ಟವಾಗುವುದು ಸಾಮಾನ್ಯವಾಗಿ 14 ವಾರದ ಬಳಿಕ. ಒಬ್ಬಳೇ ಮಗಳಿರುವ, 14ರಿಂದ 18 ವಾರದ ಗರ್ಭಿಣಿಯರ ಸ್ಕ್ಯಾನಿಂಗ್ ಒಂದು ಸೆಂಟರಿನಲ್ಲಿ ಬೇರೆಡೆಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದು, ಅವರಲ್ಲಿ ಹಲವರ ಹೆರಿಗೆ ಎಲ್ಲೂ ದಾಖಲಾಗದಿದ್ದರೆ ತಪಾಸಣೆ ಅಲ್ಲಿಂದ ಶುರುವಾಗಬೇಕು. ಜಿಲ್ಲಾ ಸಮಿತಿಗಳು ಅನೇಕ ಕಡೆ ನೋಡುವುದು ಫಾರಂ ತುಂಬಿದೆಯೇ, ಸಹಿ ಇದೆಯೇ ಎಂದಷ್ಟೇ. ಕಾಲಂಗಳನ್ನು ಕೂಡಿಸಿ ನೋಡುವವರು ಕಡಿಮೆ.

ಈ ದಾರಿಗೂ ಮಿತಿ ಇದೆ. ನೋಂದಣಿಯಿಲ್ಲದ ಯಂತ್ರಕ್ಕೆ ಎಫ್ ನಮೂನೆಯೇ ಇರುವುದಿಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲದಲ್ಲಿ ಲಿಂಗಪತ್ತೆ ನಡೆಯುತ್ತಿದ್ದದ್ದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಗರ್ಭಪಾತ ಬೇರೆ ಕಡೆ. ಕಬ್ಬು ಅರೆಯುವ ಜಾಗಕ್ಕೆ ಆರೋಗ್ಯ ಇಲಾಖೆಯವರು ತಪಾಸಣೆಗೆ ಹೋಗುವುದಿಲ್ಲ. ಯಂತ್ರ ಈಗ ಚೀಲದಲ್ಲಿ ಹೊತ್ತು ತರುವಷ್ಟು ಚಿಕ್ಕದು. ಅಂಥ ಕಡೆ ಕಾಗದದ ಸುಳಿವು ಉಳಿಯುವುದು ಇನ್ನೊಂದು ತುದಿಯಲ್ಲಿ, ತಾಯಿ ಕಾರ್ಡಿನಲ್ಲಿ. ಆಶಾ ಕಾರ್ಯಕರ್ತೆ ಮೂರನೇ ತಿಂಗಳಿಗೆ ನೋಂದಾಯಿಸಿದ ಗರ್ಭ ಐದನೇ ತಿಂಗಳಿಗೆ ‘ತಾನಾಗಿ ಹೋಯಿತು’ ಎಂದು ಬಿಟ್ಟುಹೋದವುಗಳನ್ನು ಪಟ್ಟಿ ಮಾಡಿ, ಮೊದಲ ಮಗು ಹೆಣ್ಣಾದ ಮನೆಗಳನ್ನು ಒಂದು ಕಡೆ, ಗಂಡಾದ ಮನೆಗಳನ್ನು ಒಂದು ಕಡೆ ಇಡಿ. ನಿಜವಾಗಿ ತಾನಾಗಿ ಆಗುವ ಗರ್ಭಪಾತಕ್ಕೆ ಮೊದಲ ಮಗು ಯಾವುದು ಎಂಬುದು ಗೊತ್ತಿರುವುದಿಲ್ಲ, ಹಾಗಾಗಿ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ಹೆಣ್ಣಿನ ಕಡೆಯದು ಒಂದೂವರೆ ಪಟ್ಟೋ ಎರಡು ಪಟ್ಟೋ ಇದ್ದರೆ, ಆ ತಾಲ್ಲೂಕಿನಲ್ಲಿ ಯಂತ್ರ ಎಲ್ಲೋ ಓಡಾಡುತ್ತಿದೆ. ಹೆಸರುಗಳನ್ನು ಮಾತ್ರ ಯಾರ ಮುಂದೆಯೂ ತೆಗೆಯಬೇಡಿ. ಆ ಪಟ್ಟಿ ಊರಿನ ಕೈಗೆ ಸಿಕ್ಕರೆ ಪೆಟ್ಟು ಬೀಳುವುದು ಗಂಡನಿಗೂ ಅತ್ತೆಗೂ ಅಲ್ಲ, ಗರ್ಭ ಹೊತ್ತವಳಿಗೆ. ಮುಂದಿನ ಸಲ ಅವಳು ಆಶಾ ಕಾರ್ಯಕರ್ತೆಗೆ ಬಸುರಿನ ಸುದ್ದಿಯನ್ನೇ ಹೇಳುವುದಿಲ್ಲ, ಲೆಕ್ಕ ಅಲ್ಲಿಗೆ ನಿಂತುಹೋಗುತ್ತದೆ.